ಗೋಡೆ ಚಿತ್ರ ತೆಗೆಯುವ ಅಮ್ಮನನ್ನು ಶಾಲೆಗೆ ಕರೆಯುವ ಇಮೇಲ್: ಚಿತ್ರಕಲಾ ಶಿಕ್ಷಕರಿಗೆ ಒಂದು ಸಮಗ್ರ ಮಾರ್ಗದರ್ಶಿ

"ನಮ್ಮವ್ವಗ ಇಮೇಲ್ ಎಲ್ಲಿ ಓದಲಿಕ್ಕ ಬರ್ತದ್ರಿ ಸರ್. ನೀವು ಕಳಸ್ರಿ, ನಾ ಓದಿ ಹೇಳ್ತೀನಿ."

ಸುರಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಗೋಡೆ ಚಿತ್ರ ತೆಗೆಯುವ ಅಮ್ಮನ ಮಗ ಫೋನಿನಲ್ಲಿ ನನಗೆ ಹೇಳಿದ ಮಾತು ಇದು. ಆ ಅಮ್ಮ ಕೆಂಪು ಜಾಜು, ಬಿಳಿ ಸುಣ್ಣ ಹಿಡಿದು ಮಣ್ಣಿನ ಗೋಡೆಯ ಮೇಲೆ ಬಳ್ಳಿ, ಗಿಳಿ, ನವಿಲು, ತೇರು ಬರೆಯುತ್ತಾರೆ. ಅವರನ್ನು ಒಂದು ದಿನದ ಕಾರ್ಯಾಗಾರಕ್ಕೆ ಶಹಾಪುರದ ನಮ್ಮ ಶಾಲೆಗೆ ಕರೆಯಬೇಕಿತ್ತು. ನಾನು ಬರೆಯುವ ಇಮೇಲನ್ನು ಅವರು ಓದುವುದಿಲ್ಲ, ಕೇಳುತ್ತಾರೆ. ಇದೊಂದು ತಲೆಯಲ್ಲಿದ್ದರೆ ಪತ್ರದ ಅರ್ಧ ಸಮಸ್ಯೆ ತಾನೇ ಬಗೆಹರಿಯುತ್ತದೆ.

ಹಾಗಾದರೆ ಫೋನಿನಲ್ಲೇ ಹೇಳಿ ಮುಗಿಸಬಹುದಲ್ವಾ, ಇಮೇಲ್ ಯಾಕೆ? ಫೋನಿನಲ್ಲಿ ಆಡಿದ ದುಡ್ಡಿನ ಮಾತು, ದಿನಾಂಕದ ಮಾತು ತಿಂಗಳೊಳಗೆ ಒಬ್ಬೊಬ್ಬರ ನೆನಪಿನಲ್ಲಿ ಒಂದೊಂದು ಥರ ಆಗುತ್ತದೆ. ಮುಖ್ಯಗುರುಗಳ ಒಪ್ಪಿಗೆ, ಎಸ್‌ಡಿಎಂಸಿ ಸಭೆ, ಹಣ ಬಿಡಿಸುವ ಕಡತ, ಇವಕ್ಕೆಲ್ಲ ಬರಹ ಬೇಕು. ಕಲಾವಿದರಿಗಂತೂ ಇನ್ನೂ ಜಾಸ್ತಿ ಬೇಕು. ಮಾತು ತಪ್ಪಿದವರು ಶಾಲೆಯವರೇ ಆದರೆ ತೋರಿಸಲು ಅವರ ಕೈಯಲ್ಲಿ ಏನಿರುತ್ತದೆ?

ನನ್ನ ಮೊದಲ ಪತ್ರ

ಕೆಲವು ವರ್ಷಗಳ ಹಿಂದೆ, ಬೇರೆ ಶಾಲೆಯಲ್ಲಿದ್ದಾಗ, ಇದೇ ಅಮ್ಮನಿಗೆ ನಾನು ಬರೆದ ಪತ್ರ ಹೀಗಿತ್ತು:

> ಮಾನ್ಯರೇ, ನಮ್ಮ ಶಾಲೆಯ ವಿದ್ಯಾರ್ಥಿಗಳಲ್ಲಿ ಜಾನಪದ ಕಲೆಯ ಬಗ್ಗೆ ಅಭಿರುಚಿ ಮೂಡಿಸುವ ಸದುದ್ದೇಶದಿಂದ ಒಂದು ದಿನದ ಕಾರ್ಯಾಗಾರವನ್ನು ಹಮ್ಮಿಕೊಳ್ಳಲಾಗಿದ್ದು, ತಾವು ಸಂಪನ್ಮೂಲ ವ್ಯಕ್ತಿಯಾಗಿ ಆಗಮಿಸಿ ತಮ್ಮ ಅಮೂಲ್ಯ ಸಮಯವನ್ನು ನೀಡಿ ಕಾರ್ಯಕ್ರಮವನ್ನು ಯಶಸ್ವಿಗೊಳಿಸಬೇಕಾಗಿ ವಿನಂತಿ.

ಸರ್ಕಾರಿ ಪತ್ರದ ಭಾಷೆಯಲ್ಲಿ ಇದಕ್ಕೆ ಹೆಸರಿಡುವ ಹಾಗಿಲ್ಲ. ಆದರೆ ಕೇಳುವವರ ಜಾಗದಲ್ಲಿ ಕೂತು ನೋಡಿ. ಎಷ್ಟು ಮಕ್ಕಳು? ಬಣ್ಣ ಯಾರು ತರಬೇಕು? ಹೋಗಿ ಬರುವ ಖರ್ಚು ಯಾರದು? ಕೂಲಿ ತಪ್ಪುತ್ತದೆ, ಅದಕ್ಕೆ ಏನು? ಒಂದಕ್ಕೂ ಉತ್ತರವಿಲ್ಲ. "ಸಂಪನ್ಮೂಲ ವ್ಯಕ್ತಿ" ಎಂಬುದನ್ನು ಮಗ ಹೇಗೆ ಬಿಡಿಸಿ ಹೇಳಿದನೋ ಗೊತ್ತಿಲ್ಲ.

ಅವರು ಬಂದರು. 110 ಮಕ್ಕಳನ್ನು ಕೂಡಿಸಿದ್ದೆವು. ತಂದಿದ್ದ ಜಾಜು ಮಧ್ಯಾಹ್ನಕ್ಕೂ ಮೊದಲೇ ಮುಗಿಯಿತು. ಹಿಂದೆ ಕೂತ ಮಕ್ಕಳಿಗೆ ಅವರ ಕೈ ಕಾಣಲೇ ಇಲ್ಲ. ಸಂಜೆ ಶಾಲು ಹೊದಿಸಿ, ಹಣ್ಣು ಕೊಟ್ಟು, ಫೋಟೊ ತೆಗೆಸಿಕೊಂಡು ಕಳಿಸಿದೆವು. ಅಮ್ಮ ಏನೂ ಅನ್ನಲಿಲ್ಲ. ತಿಂಗಳಾದ ಮೇಲೆ ಮಗ ಸಿಕ್ಕಾಗ ಗೊತ್ತಾಯಿತು: ಬಣ್ಣ ಕುಟ್ಟಿ ತಯಾರು ಮಾಡಲು ಒಂದು ದಿನ, ಬಂದಿದ್ದು ಒಂದು ದಿನ, ಹೀಗೆ ಎರಡು ದಿನದ ಕೂಲಿ ಹೋಗಿತ್ತು. ಆಟೋದ ದುಡ್ಡು ಕೈಯಿಂದಲೇ ಕೊಟ್ಟಿದ್ದರು. ಆ ಮಾತು ನನಗೆ ಇವತ್ತಿಗೂ ನೋಯುತ್ತದೆ. ಕೆಳಗೆ ಹೇಳಿರುವ ಒಂದೊಂದು ಹೆಜ್ಜೆಯೂ ಅಲ್ಲಿಂದಲೇ ಬಂದಿದೆ.

ಮೊದಲು ಮುಖ್ಯಗುರುಗಳು, ಆಮೇಲೆ ಫೋನ್, ಕೊನೆಗೆ ಇಮೇಲ್

ಈ ಸಾಲು ತಿರುವುಮುರುವು ಆಗಬಾರದು. ಹಣ ಎಷ್ಟು, ಎಲ್ಲಿಂದ ಎಂಬುದು ಶಾಲೆಯೊಳಗೆ ಇತ್ಯರ್ಥ ಆಗುವ ಮುಂಚೆ ಕಲಾವಿದರಿಗೆ ಫೋನ್ ಮಾಡಬೇಡಿ. ಮಾಡಿದರೆ "ನೋಡಿ ಹೇಳ್ತೀವಿ" ಎನ್ನಬೇಕಾಗುತ್ತದೆ. ಅವರು ಆ ದಿನವನ್ನು ನಿಮಗಾಗಿ ಕಾದಿಟ್ಟು ಬೇರೆ ಕೆಲಸ ಬಿಟ್ಟಿರುತ್ತಾರೆ.

ಫೋನಿನಲ್ಲಿ ಒಪ್ಪಿಗೆ ಕೇಳುವುದಕ್ಕಿಂತ ವಿಚಾರಿಸುವುದು ಮುಖ್ಯ. ನಾನು ಎರಡನೇ ಸಲ ಮಾಡಿದಾಗ ಅಮ್ಮನೇ ಮಗನ ಕೈಯಿಂದ ಫೋನ್ ಇಸಿದುಕೊಂಡು ಮೊದಲು ಕೇಳಿದ್ದು, "ಹುಡುಗ್ರು ಎಷ್ಟು ಮಂದಿ ಅದಾರ್ರಿ?" ಅಂತ. ಹೋದ ಸಲದ ಗದ್ದಲ ಅವರು ಮರೆತಿರಲಿಲ್ಲ. 40 ಎಂದೆ. "ನಲ್ವತ್ತಾದ್ರ ಕಲಸಬಹುದ್ರಿ. ಸೊಸಿನ್ನ ಕರ್ಕೊಂಡು ಬರ್ತೀನಿ" ಎಂದರು. ಒಬ್ಬ ಕಲಾವಿದೆ, ಜೊತೆಗೆ ಕೈ ಪಳಗಿದ ಒಬ್ಬ ಸಹಾಯಕಿ ಇದ್ದರೆ 40 ಮಕ್ಕಳು ಸರಿಯಾದ ಲೆಕ್ಕ. ಅದರ ಮೇಲೆ ಹೋದರೆ ಅದು ನೋಡುವ ಕಾರ್ಯಕ್ರಮ ಆಗುತ್ತದೆ, ಕಲಿಯುವ ಕಾರ್ಯಕ್ರಮ ಆಗುವುದಿಲ್ಲ. ಉಳಿದ ತರಗತಿಗಳಿಗೆ ಬೇಕಾದರೆ ಮುಂದಿನ ವರ್ಷ ಮತ್ತೆ ಕರೆಯಿರಿ.

ದಿನಾಂಕವನ್ನೂ ಫೋನಿನಲ್ಲೇ ಗೊತ್ತು ಮಾಡಿಕೊಳ್ಳಿ. ನಮ್ಮ ಕಡೆ ಹೊಲದ ಕೆಲಸ ನೋಡದೆ ದಿನ ಇಡುವ ಹಾಗಿಲ್ಲ. ಚಳಿಗಾಲದ ಹೊತ್ತಿಗೆ ಹತ್ತಿ ಬಿಡಿಸುವ ಕೆಲಸ, ಅದರ ಹಿಂದೆಯೇ ತೊಗರಿ ರಾಶಿ. ಆಗ ಒಂದು ದಿನ ಬಿಟ್ಟು ಬನ್ನಿ ಎಂದರೆ ಕೇಳಿದ್ದೇ ತಪ್ಪಾಗುತ್ತದೆ. ಏಪ್ರಿಲ್, ಮೇ ಬಿಸಿಲಿನ ಮಾತೇ ಬೇಡ, ಶಾಲೆಗೂ ರಜೆ. ನಾಗರ ಪಂಚಮಿಯ ಹಿಂದಿನ ವಾರ ಗೋಡೆ ಚಿತ್ರ ತೆಗೆಯುವವರಿಗೆ ಪುರುಸೊತ್ತಿರುವುದಿಲ್ಲ. ನಮಗೆ ಹೊಂದಿದ್ದು ಪಂಚಮಿ ಮುಗಿದು ಗಣೇಶನ ಹಬ್ಬ ಇನ್ನೂ ಬಾರದ ನಡುವಿನ ದಿನಗಳು. ಶನಿವಾರ ಇಡೋಣ ಎಂದು ಸಹೋದ್ಯೋಗಿಗಳು ಹೇಳಿದರು. ಆದರೆ ಶನಿವಾರ ಶಾಲೆ ಬೆಳಗಿನ ಅರ್ಧ ದಿನ. ಈ ಬಣ್ಣ ಒಂದು ಕೈ ಬಳಿದ ಮೇಲೆ ಒಣಗಲು ಬಿಡಬೇಕು, ಆಮೇಲೆ ಬಿಳಿ ಗೆರೆ. ಅರ್ಧ ದಿನದಲ್ಲಿ ಅದು ಮುಗಿಯುವುದಿಲ್ಲ. ಗುರುವಾರ ಇಟ್ಟೆವು.

ಬಣ್ಣದ ಮಾತು ಪತ್ರದಲ್ಲಿ ಇರಲೇಬೇಕು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಬೇರೆ ಕಾರ್ಯಾಗಾರಕ್ಕೂ ಇದಕ್ಕೂ ವ್ಯತ್ಯಾಸ ಇರುವುದೇ ಇಲ್ಲಿ.

ಬಿಳಿಗೆ ಅಮ್ಮ ಮನೆಯಲ್ಲಿ ಬಳಸುವುದು ಸುಣ್ಣ. ಸುಣ್ಣ ಚರ್ಮ ಸುಡುತ್ತದೆ. ಕಣ್ಣಿಗೆ ಸಿಡಿದರೆ ದೊಡ್ಡ ಅಪಾಯ. 12 ವರ್ಷದ 40 ಮಕ್ಕಳ ಕೈಗೆ ಅದನ್ನು ಕೊಡಲಾಗದು. ಇದನ್ನು ಕಾರ್ಯಾಗಾರದ ದಿನ ಬೆಳಿಗ್ಗೆ ಹೇಳಿದರೆ ಕಲಾವಿದೆಗೆ ಅವಮಾನ ಆಗುತ್ತದೆ, ಕೆಲಸವೂ ನಿಲ್ಲುತ್ತದೆ. ಹಾಗಾಗಿ ಮುಂಚೆಯೇ ಕೇಳಿಕೊಂಡೆ. ಸುಣ್ಣದಲ್ಲಿ ಅಮ್ಮ ಮಾತ್ರ ಬರೆದು ತೋರಿಸುವುದು, ಮಕ್ಕಳಿಗೆ ಕೈ ಸುಡದ ಬಿಳಿ ಖಡಿ ಪುಡಿ ಎಂದು ಮಾತಾಯಿತು. ಅಮ್ಮ ಕೂಡಲೇ, "ಬರೀ ಖಡಿ ಉದುರತದ್ರಿ, ಅಂಟು ಹಾಕಬೇಕು" ಎಂದರು. ನಮ್ಮ ಕಡೆ ಕರಿಜಾಲಿ ಗಿಡ ಎಲ್ಲಿ ನೋಡಿದರೂ ಇದೆ, ಅದರ ಅಂಟೇ ಸಾಕು. 50 ಗ್ರಾಂ ಜಾಲಿ ಅಂಟನ್ನು ಕುಟ್ಟಿ ಕಾಲು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿದೆವು. ಒಣಗಿದ ಗೆರೆಯ ಮೇಲೆ ಬೆರಳಾಡಿಸಿದಾಗ ಬಿಳಿ ಹತ್ತಿದರೆ ಅಂಟು ಕಮ್ಮಿ ಆಗಿದೆ ಎಂದರ್ಥ. ಗೆರೆ ಮಿಂಚಿ ಬಿರುಕು ಬಿಟ್ಟರೆ ಜಾಸ್ತಿ ಆಗಿದೆ.

ಜಾಜು ನಾವೇ ತಂದಿಡುತ್ತೇವೆ ಎಂದು ಉಮೇದಿನಲ್ಲಿ ಬರೆಯಬೇಡಿ. ಅಂಗಡಿಯಲ್ಲಿ ಕೆಂಪು ಪುಡಿ ಎಂದು ಕೇಳಿದರೆ ಗಾರೆ ನೆಲಕ್ಕೆ ಹಾಕುವ ರೆಡ್ ಆಕ್ಸೈಡ್ ಕಟ್ಟಿಕೊಡುತ್ತಾರೆ. ಅದು ಜಾಜು ಅಲ್ಲ. ಬಣ್ಣ ಕಣ್ಣಿಗೆ ಹೊಡೆಯುವಷ್ಟು ಗಾಢ, ಕೈಗೆ ಸಮವಸ್ತ್ರಕ್ಕೆ ಹತ್ತಿದರೆ ಬೇಗ ಬಿಡುವುದಿಲ್ಲ. ಜಾಜು ಅಂದರೆ ಕೆಮ್ಮಣ್ಣು, ಇಟ್ಟಿಗೆಯ ಹಾಗೆ ಮೆತ್ತನೆಯ ಕೆಂಪು. ಕಲಾವಿದರೇ ಆರಿಸಿ ತರಲಿ. ನೀವು ಮುಂಗಡ ದುಡ್ಡು ಕೊಡಿ.

ಬರೆಯುವುದು ಯಾವುದರ ಮೇಲೆ? ಶಾಲೆಯ ಗೋಡೆ ಎಂದು ಸುಮ್ನೆ ಬರೆದುಬಿಡಬೇಡಿ. ಬಹಳ ಶಾಲೆಗಳಲ್ಲಿ ಗೋಡೆಯ ಕೆಳಭಾಗಕ್ಕೆ ಎಣ್ಣೆ ಬಣ್ಣ ಇರುತ್ತದೆ. ಬೆರಳನ್ನು ನೀರಿನಲ್ಲಿ ಅದ್ದಿ ಗೋಡೆಗೆ ಒತ್ತಿ ನೋಡಿ. ನೀರು ಹನಿಯಾಗಿ ನಿಂತರೆ ಜಾಜು ಅಲ್ಲಿ ಹಿಡಿಯುವುದಿಲ್ಲ, ಒಣಗಿ ಪದರ ಏಳುತ್ತದೆ. ನೀರನ್ನು ಗೋಡೆ ಕುಡಿದರೆ ಬರೆಯಬಹುದು. ನಮ್ಮ ಶಾಲೆಯ ಗೋಡೆ ಕುಡಿಯಲಿಲ್ಲ. ಆದರೆ ಶಹಾಬಾದ್ ಕಲ್ಲಿಗೆ ನಮ್ಮಲ್ಲಿ ಬರವೇ? ಪಾಲಿಶ್ ಮಾಡದ, ಒಂದು ಅಡಿ ಉದ್ದ ಒಂದು ಅಡಿ ಅಗಲದ ಚಪ್ಪಡಿ ತುಂಡುಗಳನ್ನು ಕಲ್ಲಿನ ಅಂಗಡಿಯಿಂದ ತಂದೆವು. ಒಂದಂಗುಲ ದಪ್ಪದ್ದು ಸುಮಾರು ಆರು ಕೆಜಿ ತೂಗುತ್ತದೆ, ಮಗು ಎರಡು ಕೈಯಲ್ಲಿ ಎತ್ತಬಹುದು. ಎರಡು ಅಡಿಯದು ತರಬೇಡಿ, ಅದರ ತೂಕ ನಾಲ್ಕು ಪಟ್ಟು. ಕಾಲಿನ ಮೇಲೆ ಬಿದ್ದರೆ ಕಷ್ಟ. ಕಲ್ಲನ್ನು ತೊಳೆದು, ಜಾಜು ಬಳಿದು, ಒಣಗಿದ ಮೇಲೆ ಬಿಳಿ ಚಿತ್ರ. ಐದು ಮಕ್ಕಳಿಗೆ ಒಂದು ಕಲ್ಲಿನಂತೆ ಎಂಟು ಗುಂಪು, ಜೊತೆಗೆ ಒಬ್ಬೊಬ್ಬರಿಗೂ ಅಭ್ಯಾಸಕ್ಕೆ ರಟ್ಟಿನ ತುಂಡು. ಕುಂಚಕ್ಕೆ ಈಚಲ ಕಡ್ಡಿ, ಪುಂಡಿ ನಾರು. ಪುಂಡಿ ಪಲ್ಯ ದಿನಾ ತಿನ್ನುವ ಮಕ್ಕಳು ಅದೇ ಗಿಡದ ನಾರಿನಲ್ಲಿ ಕುಂಚ ಕಟ್ಟಿದಾಗ ಅವರ ಮುಖ ನೋಡಬೇಕಿತ್ತು.

ಯಾವ ಚಿತ್ರ ಎಂದು ನೀವು ಹೇಳಬೇಡಿ

ನನ್ನ ಕರಡಿನಲ್ಲಿ "ನಾಗರ ಪಂಚಮಿಯ ನಾಗನ ಚಿತ್ರ ಕಲಿಸಿಕೊಡಬೇಕು" ಎಂದಿತ್ತು. ಫೋನಿನಲ್ಲಿ ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಾದರು. "ಅದು ಮಡೀಲಿಂದ ತೆಗಿಯೋದ್ರಿ. ಕಲ್ಲಿನ ಮ್ಯಾಲ ತೆಗದು, ಆಮ್ಯಾಲ ಹುಡುಗ್ರು ತೊಳದು ಚೆಲ್ಲಿದ್ರ ನನಗ ಸಮಾಧಾನ ಆಗಂಗಿಲ್ಲ" ಎಂದರು. ಪೂಜೆಗೆ ತೆಗೆಯುವ ಚಿತ್ರ ಬೇರೆ, ಚೆಂದಕ್ಕೆ ತೆಗೆಯುವ ಚಿತ್ರ ಬೇರೆ. ಆ ಗೆರೆ ಎಲ್ಲಿದೆ ಎಂದು ಅವರಿಗೆ ಗೊತ್ತು, ನಮಗೆ ಗೊತ್ತಿಲ್ಲ. ಆಯ್ಕೆ ಅವರದೇ ಎಂದು ಪತ್ರದಲ್ಲಿ ಒಂದು ಸಾಲು ಬರೆಯಿರಿ, ಸಾಕು.

ಇನ್ನೊಂದು ತಪ್ಪು ನಮ್ಮ ಭಾಗದಲ್ಲಿ ಆಗಾಗ ಆಗುತ್ತದೆ. ಸುರಪುರ ಎಂದ ಕೂಡಲೇ "ಸುರಪುರ ಶೈಲಿಯ ಕಲಾವಿದರು" ಎಂದು ಬರೆದುಬಿಡುತ್ತಾರೆ. ಸುರಪುರ ಶೈಲಿ ಎನ್ನುವುದು ಸುರಪುರದ ನಾಯಕ ಅರಸರ ಆಶ್ರಯದಲ್ಲಿ ಬೆಳೆದ, ಸಣ್ಣ ಕುಂಚದ, ಚಿನ್ನದ ಕೆಲಸ ಇರುವ ಚಿತ್ರಕಲೆ. ಅದರ ಕೈ ಬೇರೆ, ಸಾಮಾನು ಬೇರೆ, ಕಲಿಯುವ ದಾರಿ ಬೇರೆ. ಮನೆಯ ಗೋಡೆಗೆ ಜಾಜು ಬಳಿದು ಚಿತ್ರ ತೆಗೆಯುವ ಹೆಣ್ಣುಮಗಳ ಕಲೆಗೆ ಆ ಹೆಸರು ಹಚ್ಚಿದರೆ ಎರಡಕ್ಕೂ ಅನ್ಯಾಯ. ಅವರು ತಮ್ಮ ಕೆಲಸವನ್ನು ಏನೆಂದು ಕರೆಯುತ್ತಾರೋ ಅದನ್ನೇ ಬರೆಯಿರಿ.

ದುಡ್ಡಿನ ಲೆಕ್ಕ

ಗೌರವಧನ, ಸಹಾಯಕರ ಕೂಲಿ, ಸಾಮಾನು, ಪ್ರಯಾಣ, ಈ ನಾಲ್ಕನ್ನೂ ಬೇರೆ ಬೇರೆಯಾಗಿಯೇ ಬರೆಯಬೇಕು. "ಒಟ್ಟು ₹7,700" ಎಂದು ಒಂದೇ ಮೊತ್ತ ಬರೆದರೆ ಬಣ್ಣ, ಆಟೋಕ್ಕೆ ಕೊಟ್ಟು ಉಳಿದಿದ್ದು ತಮ್ಮದು ಎಂದಾಗುತ್ತದೆ. ಆಗ ಅವರು ಬಣ್ಣವನ್ನು ಕಮ್ಮಿ ತರುತ್ತಾರೆ, ಇಲ್ಲವೇ ತಮ್ಮ ದುಡ್ಡು ಕಳೆದುಕೊಳ್ಳುತ್ತಾರೆ. ನಮ್ಮ ಲೆಕ್ಕ: ಅಮ್ಮನಿಗೆ ₹4,000, ಸೊಸೆಗೆ ₹1,000, ಸಾಮಾನಿಗೆ ₹1,500, ಆಟೋಕ್ಕೆ ₹1,200. ಅಮ್ಮನ ₹4,000ದಲ್ಲಿ ಬಣ್ಣ ತಯಾರು ಮಾಡುವ ಹಿಂದಿನ ದಿನವೂ ಸೇರಿದೆ.

ಪ್ರಯಾಣದ ಬಗ್ಗೆ ನಮ್ಮ ಕಚೇರಿಯಲ್ಲಿ ಒಂದು ಮಾತು ಬಂತು: ಶಕ್ತಿ ಯೋಜನೆ ಇದೆ, ಹೆಣ್ಣುಮಕ್ಕಳಿಗೆ ಬಸ್ ಫ್ರೀ, ಮತ್ತೆ ಪ್ರಯಾಣದ ಖರ್ಚು ಯಾಕೆ? ಬಸ್ ಫ್ರೀ ಇರುವುದು ನಿಜ. ಆದರೆ ಹಳ್ಳಿಯಿಂದ ಬಸ್ ಹಿಡಿಯುವ ಜಾಗಕ್ಕೆ ಆಟೋ ಬೇಕು. ಕಲಸಿದ ಬಣ್ಣದ ಎರಡು ಗಡಿಗೆ ಹಿಡಿದುಕೊಂಡು ತುಂಬಿದ ಬಸ್ಸಿನಲ್ಲಿ ನಿಂತು ಬರಲಾಗುತ್ತದೆಯೇ? ಜೊತೆಗೆ ಮಗ ಬಂದರೆ ಅವನಿಗೆ ಟಿಕೆಟ್ ಇದ್ದೇ ಇದೆ. ಮನೆ ಬಾಗಿಲಿಂದ ಶಾಲೆ ಬಾಗಿಲಿಗೆ ಆಟೋ ಎಂದು ಮುಖ್ಯಗುರುಗಳಿಗೆ ಬಿಡಿಸಿ ಹೇಳಿದಾಗ ಒಪ್ಪಿದರು.

ಯಾವಾಗ ಕೊಡುತ್ತೀರಿ, ಹೇಗೆ ಕೊಡುತ್ತೀರಿ ಎಂಬುದೂ ಇರಲಿ. ಸಾಮಾನಿನ ದುಡ್ಡು ಒಂದು ವಾರ ಮುಂಚೆ, ಉಳಿದಿದ್ದು ಅದೇ ದಿನ ಸಂಜೆ. ನಗದು ಕೊಡುವುದಾದರೆ ರಸೀದಿ ಸಿದ್ಧ ಇಟ್ಟುಕೊಳ್ಳಿ. ಒಂದೇ ರಸೀದಿಯ ಮೊತ್ತ ₹5,000 ದಾಟಿದರೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಬೇಕು. ಸಂಜೆ ಆರಕ್ಕೆ ಸ್ಟಾಂಪ್ ಹುಡುಕುತ್ತ ಅವರನ್ನು ಕೂರಿಸಬೇಡಿ.

ಈಗ ಇಮೇಲ್

> ವಿಷಯ: ಆಗಸ್ಟ್ 21 ಗುರುವಾರ ನಮ್ಮ ಶಾಲೆಯ ಮಕ್ಕಳಿಗೆ ಗೋಡೆ ಚಿತ್ರ ಕಲಿಸಲು ಆಹ್ವಾನ
>
> ಅಮ್ಮನವರಿಗೆ ನಮಸ್ಕಾರ.
>
> ನಾನು ಶಹಾಪುರದ ಶಾಲೆಯ ಚಿತ್ರಕಲಾ ಮಾಸ್ತರ್. ಹೋದ ಭಾನುವಾರ ಫೋನಿನಲ್ಲಿ ಮಾತಾಡಿದ್ದೆವು. ಆಗ ಆಡಿದ ಮಾತುಗಳನ್ನು ಇಲ್ಲಿ ಬರೆದು ಕಳಿಸುತ್ತಿದ್ದೇನೆ. ನಮ್ಮ ಮುಖ್ಯಗುರುಗಳು ಒಪ್ಪಿದ್ದಾರೆ. ಈ ಪತ್ರದ ಪ್ರತಿ ಅವರಿಗೂ ಹೋಗಿದೆ.
>
> ಆಗಸ್ಟ್ 21, ಗುರುವಾರ ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ನೀವು ಮಕ್ಕಳಿಗೆ ಗೋಡೆ ಚಿತ್ರ ಕಲಿಸಿಕೊಡಬೇಕು ಎಂದು ಕೇಳಿಕೊಳ್ಳುತ್ತೇವೆ. ಮಕ್ಕಳು 7ನೇ ತರಗತಿಯವರು, 40 ಜನ. ಇದಕ್ಕಿಂತ ಹೆಚ್ಚು ಮಕ್ಕಳನ್ನು ಕೂಡಿಸುವುದಿಲ್ಲ. ನಾನೂ ಇನ್ನೊಬ್ಬ ಶಿಕ್ಷಕಿಯೂ ಇಡೀ ದಿನ ನಿಮ್ಮ ಜೊತೆ ಇರುತ್ತೇವೆ.
>
> ಯಾವ ಚಿತ್ರ ಕಲಿಸಬೇಕು ಎಂಬುದು ನಿಮ್ಮ ಇಷ್ಟ. ಮಕ್ಕಳು ತೆಗೆಯಬಾರದ ಚಿತ್ರ ಇದ್ದರೆ ಅದನ್ನು ನಾವು ಕೇಳುವುದಿಲ್ಲ.
>
> ನಿಮಗೆ ಗೌರವಧನ ₹4,000. ನಿಮ್ಮ ಸೊಸೆಗೆ ₹1,000. ಜಾಜು, ಖಡಿ, ಅಂಟು, ಕಡ್ಡಿ, ನಾರಿಗೆ ₹1,500, ಇದನ್ನು ಆಗಸ್ಟ್ 14ರೊಳಗೆ ನಿಮ್ಮ ಮಗನ ಫೋನಿಗೆ ಹಾಕುತ್ತೇವೆ. ಸಾಮಾನು ಇನ್ನೂ ಬೇಕಾದರೆ ಹೇಳಿ. ಮನೆಯಿಂದ ಬಂದು ಹೋಗಲು ಆಟೋಕ್ಕೆ ₹1,200. ಗೌರವಧನ, ಸೊಸೆಯ ಹಣ, ಆಟೋದ ಹಣ ಮೂರನ್ನೂ ಅದೇ ದಿನ ಸಂಜೆ ನೀವು ಹೊರಡುವ ಮುಂಚೆ ಕೊಡುತ್ತೇವೆ.
>
> ಕಲ್ಲಿನ ಚಪ್ಪಡಿ, ರಟ್ಟು, ಬಕೆಟ್, ನೀರು, ಬಟ್ಟೆ ನಮ್ಮದು. ಸುಣ್ಣದಲ್ಲಿ ನೀವು ಮಾತ್ರ ಬರೆದು ತೋರಿಸಿ, ಮಕ್ಕಳಿಗೆ ಖಡಿ ಮತ್ತು ಅಂಟು ಎಂದು ಮಾತಾಗಿದೆ. ಮಧ್ಯಾಹ್ನದ ಊಟ, ಎರಡು ಸಲ ಚಹಾ ಶಾಲೆಯಲ್ಲೇ. ಕೂರಲು ಕುರ್ಚಿ ಬೇಕೋ, ಚಾಪೆ ಸಾಕೋ ತಿಳಿಸಿ.
>
> ನಿಮ್ಮ ಮತ್ತು ನಿಮ್ಮ ಚಿತ್ರಗಳ ಫೋಟೊ ತೆಗೆಯಲೇ? ತೆಗೆದರೆ ಶಾಲೆಯ ಫಲಕದಲ್ಲಿ ನಿಮ್ಮ ಹೆಸರಿನ ಜೊತೆ ಹಾಕುತ್ತೇವೆ. ಬೇರೆ ಎಲ್ಲಿಗಾದರೂ ಬಳಸುವುದಿದ್ದರೆ ಮತ್ತೆ ನಿಮ್ಮನ್ನು ಕೇಳುತ್ತೇವೆ. ಬೇಡ ಎಂದರೆ ತೆಗೆಯುವುದಿಲ್ಲ.
>
> ಆಗಸ್ಟ್ 8ರೊಳಗೆ ನಿಮ್ಮ ಮಗನ ಕೈಯಿಂದ ಒಂದು ಉತ್ತರ ಹಾಕಿಸಿ, ಅಥವಾ ಫೋನ್ ಮಾಡಿ. ಆ ದಿನ ಆಗುವುದಿಲ್ಲ ಎಂದರೂ ಸಂಕೋಚವಿಲ್ಲದೆ ಹೇಳಿ, ನಿಮಗೆ ಹೊಂದುವ ಬೇರೆ ದಿನ ನೋಡೋಣ.
>
> ನಿಮ್ಮ,
> ಚಿತ್ರಕಲಾ ಶಿಕ್ಷಕ, ಶಹಾಪುರ

ಕೆಳಗೆ ನಿಮ್ಮ ಪೂರ್ತಿ ಹೆಸರು, ಶಾಲೆಯ ಹೆಸರು, ಫೋನ್ ನಂಬರ್ ಹಾಕಿ. ಮೇಲೆ ಅಮ್ಮನವರ ಹೆಸರು ಬರೆಯಿರಿ, ಅವರ ಊರಿನಲ್ಲಿ ಕರೆಯುವ ಹಾಗೆಯೇ.

ಕಳಿಸುವ ಮುಂಚೆ ಇದನ್ನು ಜೋರಾಗಿ ಓದಿ. ಎಲ್ಲಿ ಉಸಿರು ಸಿಕ್ಕಿಹಾಕಿಕೊಳ್ಳುತ್ತದೋ ಅಲ್ಲಿ ಆ ಮಗನಿಗೂ ಸಿಕ್ಕಿಹಾಕಿಕೊಳ್ಳುತ್ತದೆ. ಆ ವಾಕ್ಯವನ್ನು ಎರಡು ಮಾಡಿ. ನನ್ನ ಕರಡಿನಲ್ಲಿ ಫೋಟೊದ ಮಾತು ಒಂದೇ ಉದ್ದ ವಾಕ್ಯವಾಗಿತ್ತು. ಓದುವಾಗ "ಬೇಡ ಎಂದರೆ ತೆಗೆಯುವುದಿಲ್ಲ" ಎಂಬುದು ಅದರೊಳಗೆ ಎಲ್ಲೋ ಮುಳುಗಿಹೋಗಿತ್ತು. ಅದನ್ನು ಹೊರತೆಗೆದು ಬೇರೆ ನಿಲ್ಲಿಸಿದೆ.

ಕಳಿಸಿದ್ದು ಅವರಿಗೆ ಕನ್ನಡದಲ್ಲೇ ಕಾಣುತ್ತದೆಯೇ?

ಶಾಲೆಯ ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿ, ಅದನ್ನೇ ಇಮೇಲಿಗೆ ಅಂಟಿಸುವುದು ನಮ್ಮಲ್ಲಿ ಸಾಮಾನ್ಯ. ನಿಮ್ಮ ಪರದೆಯಲ್ಲಿ ಚೆನ್ನಾಗಿಯೇ ಇರುತ್ತದೆ. ಅವರ ಮೊಬೈಲಿನಲ್ಲಿ "ಕನ್ನಡ" ಎಂಬ ಪದ ಹೀಗೆ ಕಾಣುತ್ತದೆ:

```
PÀ£ÀßqÀ
```

ಆ ಅಕ್ಷರಶೈಲಿ ಅವರ ಫೋನಿನಲ್ಲಿ ಇಲ್ಲದಿರುವುದೇ ಕಾರಣ. ಯುನಿಕೋಡ್‌ನಲ್ಲಿ ಟೈಪ್ ಮಾಡಿ. ಅದು ಗೊಂದಲ ಅನ್ನಿಸಿದರೆ ನಿಮ್ಮ ಮೊಬೈಲಿನಲ್ಲೇ ಕನ್ನಡ ಕೀಲಿಮಣೆಯಿಂದ ಬರೆಯಿರಿ, ಅದು ಯುನಿಕೋಡೇ ಆಗಿರುತ್ತದೆ. ಮೊದಲು ನಿಮ್ಮ ಮನೆಯವರ ಫೋನಿಗೆ ಕಳಿಸಿ ತೆರೆದು ನೋಡಿ. ಮುಖ್ಯಗುರುಗಳ ಸಹಿ, ಶಾಲೆಯ ಮೊಹರು ಇರುವ ಪ್ರತಿಯನ್ನು ಪಿಡಿಎಫ್ ಮಾಡಿ ಜೊತೆಗೆ ಲಗತ್ತಿಸಿ. ಆದರೆ ವಿಷಯವೆಲ್ಲ ಪಿಡಿಎಫ್‌ನೊಳಗೆ ಹಾಕಿ ಇಮೇಲಿನಲ್ಲಿ "ಲಗತ್ತು ನೋಡಿ" ಎಂದಷ್ಟೇ ಬರೆಯಬೇಡಿ. ಹಳ್ಳಿಯ ನೆಟ್‌ವರ್ಕ್‌ನಲ್ಲಿ ಲಗತ್ತು ತೆರೆಯದೇ ಹೋದರೆ ಅವರ ಕೈಗೆ ಏನೂ ಸಿಗುವುದಿಲ್ಲ. ಇಮೇಲ್ ಹೋದ ಮೇಲೆ ಮಗನ ವಾಟ್ಸಾಪಿಗೆ ಒಂದು ಸಾಲು: ಇಮೇಲ್ ಕಳಿಸಿದ್ದೇನೆ, ಸಂಜೆ ಅಮ್ಮನವರಿಗೆ ಓದಿ ಹೇಳಿ.

ಉತ್ತರ ಬಂದಾಗ

ನಮಗೆ ಮೂರನೇ ದಿನ ಬಂದ ಉತ್ತರ ಎರಡು ಸಾಲು. ಅವ್ವ ಬರುತ್ತಾಳೆ, ಚಾಪೆ ಸಾಕು, ಫೋಟೊ ಚಿತ್ರದ್ದು ತೆಗೆಯಿರಿ ಆದರೆ ಅವ್ವನ ಮುಖದ್ದು ಬೇಡ ಎಂದು ಮಗ ಬರೆದಿದ್ದ. ನನಗೆ ಖುಷಿಯಾಗಿದ್ದು ಈ ಕೊನೆಯ ಮಾತಿಗೆ. ಹೋದ ಸಲವೂ ಅವರಿಗೆ ಅದು ಇಷ್ಟವಿರಲಿಲ್ಲವೇನೋ, ಆದರೆ ಹೇಳಲು ನಾವು ಜಾಗವನ್ನೇ ಕೊಟ್ಟಿರಲಿಲ್ಲ. ಕಾರ್ಯಾಗಾರದ ದಿನ ಅವರ ಕೈ, ಕಡ್ಡಿ, ಕಲ್ಲು ಇಷ್ಟೇ ಫೋಟೊದಲ್ಲಿ ಬರುವಂತೆ ನೋಡಿಕೊಂಡೆವು. ಮೊಬೈಲ್ ಹಿಡಿದು ಬಂದ ಬೇರೆ ಶಿಕ್ಷಕರಿಗೂ ಮೊದಲೇ ಹೇಳಿಟ್ಟೆ.

ಉತ್ತರಕ್ಕೆ ನೀವೂ ಒಂದು ಚಿಕ್ಕ ಉತ್ತರ ಕೊಡಿ: ದಿನಾಂಕ, ಹೊತ್ತು, ಆಟೋ ಎಷ್ಟಕ್ಕೆ ಬರುತ್ತದೆ. ಗಡುವು ಮುಗಿದರೂ ಉತ್ತರ ಬರದಿದ್ದರೆ ಇನ್ನೊಂದು ಇಮೇಲ್ ಬೇಡ, ಫೋನ್ ಮಾಡಿ. ಎರಡು ದಿನ ಮುಂಚೆ ಮತ್ತೊಮ್ಮೆ ಫೋನ್. ಆಗಸ್ಟ್‌ನಲ್ಲಿ ಮಳೆಯ ದಿನ ಜಾಜು ಒಣಗಲು ತಡ ಮಾಡುತ್ತದೆ. ಅಮ್ಮನೇ ಆ ಫೋನಿನಲ್ಲಿ, "ಕಲ್ಲಿಗೆ ಜಾಜು ಹಿಂದಿನ ದಿನಾನೇ ಬಳದು ಇಡ್ರಿ" ಎಂದರು. ಒಂದಿಷ್ಟು ಜಾಜನ್ನು ಮಗ ಬುಧವಾರವೇ ತಂದುಕೊಟ್ಟ. ಎಂಟು ಕಲ್ಲಿಗೂ ಬಳಿದು ವರಾಂಡದಲ್ಲಿ ಗೋಡೆಗೆ ಆನಿಸಿ ಇಟ್ಟೆವು. ಬೆಳಿಗ್ಗೆ ಬಂದವರೇ ಒಂದು ಕಲ್ಲನ್ನು ಬೆರಳಿನಿಂದ ಉಜ್ಜಿ ನೋಡಿ, ತಲೆಯಾಡಿಸಿ, ಚಾಪೆಯ ಮೇಲೆ ಕೂತರು.

ಮುಗಿದ ಮೇಲೆ ಇನ್ನೊಂದು ಪತ್ರ

ಆ ವಾರದೊಳಗೆ ಶಾಲೆಯ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಕೊಡಿ. ಅದರಲ್ಲಿ ಹೊಗಳಿಕೆಗಿಂತ ವಿವರ ಇರಲಿ: ಕಲಾವಿದರ ಪೂರ್ತಿ ಹೆಸರು, ಊರು, ಕಲೆಯ ಹೆಸರು, ದಿನಾಂಕ, ಎಷ್ಟು ಮಕ್ಕಳಿಗೆ ಏನು ಕಲಿಸಿದರು, ಮುಖ್ಯಗುರುಗಳ ಸಹಿ, ಮೊಹರು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಿಂದ ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕುವಾಗ ಕಲಾಸೇವೆಗೆ ದಾಖಲೆ ಕೇಳುತ್ತಾರೆ. ಮನೆ ಮನೆಯ ಗೋಡೆಗೆ ಬರೆದವರ ಹತ್ತಿರ ಕಾಗದ ಎಲ್ಲಿಂದ ಬರಬೇಕು? ಹೆಸರನ್ನು ಆಧಾರ್ ಕಾರ್ಡಿನಲ್ಲಿ ಇರುವಂತೆಯೇ ಬರೆಯಿರಿ, ಒಂದು ಅಕ್ಷರ ಆಚೀಚೆ ಆದರೂ ಅರ್ಜಿಯ ಹೊತ್ತಿನಲ್ಲಿ ತೊಂದರೆ. ಇಮೇಲಿನಲ್ಲಿ ಒಂದು ಪ್ರತಿ ಕಳಿಸಿ, ಮೂಲ ಪ್ರತಿ ಕೈಗೇ ಕೊಡಿ.

ನಾನು ಅದನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿ ಅವರ ಮನೆಗೇ ಒಯ್ದು ಕೊಟ್ಟೆ. ಅಮ್ಮ ಮಗನ ಕೈಗೆ ಕೊಟ್ಟು, "ಓದು" ಎಂದರು. ಅವನು ಓದಿದ. ಅವರ ಹೆಸರು ಬಂದ ಕಡೆ ನಿಲ್ಲಿಸಿ, "ಇನ್ನೊಮ್ಮಿ ಓದು" ಎಂದರು.